ಕಿರಣದ ಬಾಣ ಎತ್ತ ಹೋಗ್ತಿದೆ? ಚಿತ್ರ ತಿದ್ದುವವರಿಗೆ ಎರಡು ಮಾತು

ಪ್ರಶ್ನೆ: ಸರ್, ಹತ್ತನೇ ಕ್ಲಾಸಿಗೆ ವಿಜ್ಞಾನ ತಗೊಳ್ತೇನೆ, ಇದು ಎರಡನೇ ವರ್ಷ. ಮಸೂರ, ದರ್ಪಣದ ಚಿತ್ರ ತಿದ್ದುವಾಗ ಪ್ರತಿ ಸಲ ಗೊಂದಲ. ಪ್ರತಿಬಿಂಬ ಲೆಕ್ಕದ ಜಾಗದಲ್ಲಿ ಬಂದಿರಲ್ಲ, ಸ್ವಲ್ಪ ಆಚೀಚೆ ಇರುತ್ತೆ. ಎಷ್ಟರವರೆಗೆ ಬಿಡಬಹುದು? ಬಾಣ ಹಾಕದಿದ್ರೆ, ಉಲ್ಟಾ ಹಾಕಿದ್ರೆ ಅಂಕ ಕಳೀಬೇಕಾ?

ಉತ್ತರ: ಮೊದಲು ಜಾಗದ ವಿಷಯ ನೋಡೋಣ. ಮಕ್ಕಳಿಗೆ ಅನ್ಯಾಯ ಜಾಸ್ತಿ ಆಗೋದು ಅಲ್ಲೇ.

ಒಂದು ಹಾಳೆ ತಗೊಂಡು ನೀವೇ ಬರೆದು ನೋಡಿ. ಪೀನ ಮಸೂರ, ಸಂಗಮ ದೂರ 2 ಸೆಂ.ಮೀ. ವಸ್ತುವಿನ ಎತ್ತರ 1 ಸೆಂ.ಮೀ., ಮಸೂರದಿಂದ 3 ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಅಂದ್ರೆ F ಮತ್ತು 2F ನಡುವೆ. ವಸ್ತುವಿನ ತುದಿಯಿಂದ ಒಂದು ಕಿರಣ ಅಕ್ಷಕ್ಕೆ ಸಮಾಂತರವಾಗಿ ಹೋಗಿ ಆಚೆಯ F ಮೂಲಕ ಇಳಿಯುತ್ತೆ. ಇನ್ನೊಂದು O ಮೂಲಕ ನೇರವಾಗಿ ಹೋಗುತ್ತೆ. ಎರಡೂ ಸೇರೋದು ಸರಿಯಾಗಿ 6 ಸೆಂ.ಮೀ. ದೂರದಲ್ಲಿ, ಅಕ್ಷದ ಕೆಳಗೆ 2 ಸೆಂ.ಮೀ. ಸೂತ್ರ ಹಾಕಿದ್ರೂ ಅದೇ ಬರುತ್ತೆ.

ಈಗ ಹುಡುಗ F ಗುರುತು ಹಾಕುವಾಗ ಬರೀ 1 ಮಿ.ಮೀ. ತಪ್ಪಿದ ಅಂದ್ಕೊಳ್ಳಿ, 2 ಸೆಂ.ಮೀ. ಬದಲು 1.9ರಲ್ಲಿ ಹಾಕಿದ. ಉಳಿದಿದ್ದೆಲ್ಲ ಸರಿ. ಆಗ ಪ್ರತಿಬಿಂಬ ಬರೋದು 5.2 ಸೆಂ.ಮೀ.ನಲ್ಲಿ. 2.1ರಲ್ಲಿ ಹಾಕಿದ್ರೆ ಅದು 7 ಸೆಂ.ಮೀ.ಗೆ ಓಡುತ್ತೆ! ಪೆನ್ಸಿಲ್ ಮೊನೆಯಷ್ಟು ತಪ್ಪಿಗೆ ಪ್ರತಿಬಿಂಬ ಒಂದು ಸೆಂಟಿಮೀಟರ್ ಜರುಗಿತು. ಕಾರಣ ಸುಲಭ. ಆ ಎರಡು ಗೆರೆಗಳ ನಡುವಿನ ಕೋನ ಸುಮಾರು 8 ಡಿಗ್ರಿ ಅಷ್ಟೇ. ಅಷ್ಟು ಸಣ್ಣ ಕೋನದಲ್ಲಿ ಎರಡು ಗೆರೆ ದಾಟುವಾಗ, ಒಂದನ್ನು ಚೂರು ಅಲ್ಲಾಡಿಸಿದ್ರೂ ದಾಟುವ ಜಾಗ ದೂರ ಸರಿದು ಬಿಡುತ್ತೆ.

ವಸ್ತುವನ್ನು 2Fನಿಂದ ಆಚೆ, 6 ಸೆಂ.ಮೀ.ನಲ್ಲಿ ಇಟ್ಟು ಅದೇ ತಪ್ಪು ಮಾಡಿ ನೋಡಿ. ಸರಿಯಾದ ಜಾಗ 3 ಸೆಂ.ಮೀ., ತಪ್ಪು F ಜೊತೆ ಸುಮಾರು 2.8 ಬರುತ್ತೆ. ಬರೀ 2 ಮಿ.ಮೀ. ವ್ಯತ್ಯಾಸ. ಹಾಗಾಗಿ ಎಲ್ಲ ಚಿತ್ರಕ್ಕೂ 'ಇಷ್ಟು ಮಿ.ಮೀ. ಬಿಡಬಹುದು' ಅನ್ನೋ ಒಂದೇ ಅಳತೆ ನಡೆಯಲ್ಲ. ವಸ್ತು Fಗೆ ಹತ್ತಿರ ಬಂದಷ್ಟೂ ಕೈ ಸಡಿಲ ಬಿಡಬೇಕು. ಮೊದಲ ಚಿತ್ರದಲ್ಲಿ ನಾನು ನೋಡೋದು ಪ್ರತಿಬಿಂಬ 2Fನಿಂದ ಆಚೆ, ಅಂದ್ರೆ 4 ಸೆಂ.ಮೀ. ದಾಟಿ ಇದೆಯಾ, ತಲೆಕೆಳಗಾಗಿದೆಯಾ, ವಸ್ತುವಿಗಿಂತ ದೊಡ್ಡದಾ ಅಂತ ಮಾತ್ರ. 5.2 ಬಂದ್ರೂ 7 ಬಂದ್ರೂ ಪೂರ್ತಿ ಅಂಕ. 3.8 ಬಂದ್ರೆ ಇಲ್ಲ.

ಇದರ ಉಲ್ಟಾ ಕೇಸು ಇನ್ನೂ ಮಜಾ. ಪ್ರತಿಬಿಂಬ ಸರಿಯಾಗಿ 6 ಸೆಂ.ಮೀ.ನಲ್ಲೇ ಇರುತ್ತೆ, ಆದ್ರೆ ಕಿರಣಗಳು ಅದರ ತುದಿಗೆ ಬಂದಿರಲ್ಲ. ಒಂದು ಮೇಲೆ, ಒಂದು ಕೆಳಗೆ ಹಾದು ಹೋಗಿರುತ್ತೆ. ಇದು ಬಾಯಿಪಾಠ. ಪ್ರತಿಬಿಂಬ ಮೊದಲು ಬರೆದು ಕಿರಣವನ್ನು ಆಮೇಲೆ ಎಳೆದಿದ್ದು. ಪತ್ತೆ ಮಾಡೋಕೆ ಸ್ಕೇಲ್ ಸಾಕು. ವಸ್ತುವಿನ ತುದಿ, O, ಪ್ರತಿಬಿಂಬದ ತುದಿ, ಈ ಮೂರೂ ಸ್ಕೇಲಿನ ಅಂಚಿಗೆ ಒಂದೇ ಸಾಲಲ್ಲಿ ಬರಬೇಕು. ಮೂರೂ ಸಾಲಾಗಿದ್ರೆ ಮಗು ಕಿರಣದಿಂದಲೇ ಪ್ರತಿಬಿಂಬ ಹುಡುಕಿದೆ ಅಂತ ಬಹುತೇಕ ಧೈರ್ಯವಾಗಿ ಹೇಳಬಹುದು. (ಕಿರಣ ಮಸೂರದ ಮಧ್ಯದ ಗೆರೆಯಲ್ಲೇ ಬಾಗಿದೆಯಾ, ಎರಡೂ ಮೈಯಲ್ಲಿ ಬಾಗಿದೆಯಾ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ನಡೆಯುತ್ತೆ.)

ಇನ್ನು ಬಾಣ. ಚಿತ್ರದಲ್ಲಿ ಬಾಣಗಳು ಎರಡು ತರ ಇರುತ್ತವೆ, ಮಕ್ಕಳು ಅವನ್ನು ಕಲಸಿಬಿಡ್ತಾರೆ. ವಸ್ತು ಮತ್ತು ಪ್ರತಿಬಿಂಬವನ್ನೇ ಬಾಣದ ಆಕಾರದಲ್ಲಿ ಬರೀತೇವಲ್ಲ, ಅದು ಒಂದು. ಅದರ ತಲೆ ಯಾವ ಕಡೆ ಅಂದ್ರೆ ನೇರವೋ ತಲೆಕೆಳಗೋ ಅಂತ ಅರ್ಥ. ನಾನು ಅನೇಕ ಸಲ ಕಂಡಿದ್ದೇನೆ: ಪ್ರತಿಬಿಂಬವನ್ನು ಅಕ್ಷದ ಕೆಳಗೇ ಬರೆದಿರುತ್ತಾರೆ, ಆದ್ರೆ ಬಾಣದ ತಲೆ ಮೇಲೆ, ಅಕ್ಷಕ್ಕೆ ಅಂಟಿಕೊಂಡಿರುತ್ತೆ. ಪಕ್ಕದಲ್ಲಿ 'ತಲೆಕೆಳಗಾದ ಪ್ರತಿಬಿಂಬ' ಅಂತ ಚೆಂದವಾಗಿ ಬರೆದಿರುತ್ತಾರೆ. ಚಿತ್ರ ಒಂದು ಹೇಳುತ್ತೆ, ಮಾತು ಇನ್ನೊಂದು. ಕಿರಣಗಳು ಸೇರಿದ ಬಿಂದುವೇ ಬಾಣದ ತಲೆ ಆಗಬೇಕು, ಬುಡ ಅಕ್ಷದ ಮೇಲೆ ಇರಬೇಕು.

ಎರಡನೇದು ಕಿರಣದ ಮೇಲಿನ ಬಾಣ. ಇದು ಬೆಳಕು ಎತ್ತ ಹೋಗ್ತಿದೆ ಅಂತ ತೋರಿಸುತ್ತೆ. ಬಾಣ ಪೂರ್ತಿ ಬಿಟ್ಟಿದ್ರೆ ಮರೆವು ಇರಬಹುದು, ಉಲ್ಟಾ ಹಾಕಿದ್ರೆ ಅರ್ಥ ಆಗಿಲ್ಲ ಅಂತಲೇ. ಎರಡಕ್ಕೂ ಒಂದೇ ಶಿಕ್ಷೆ ಸರಿಯಲ್ಲ. ಕ್ಲಾಸ್ ಟೆಸ್ಟಿನಲ್ಲಿ ಎರಡು ಅಂಕದ ಚಿತ್ರಕ್ಕೆ ನಾನು ಬಾಣ ಇಲ್ಲದಿದ್ರೆ ಅರ್ಧ ಕಳೀತೇನೆ, ಉಲ್ಟಾ ಇದ್ರೆ ಒಂದು. ಪಬ್ಲಿಕ್ ಪರೀಕ್ಷೆಯಾದ್ರೆ ಕೊಟ್ಟ ಕೀ ಉತ್ತರದಂತೆ ಹೋಗಿ, ಅಲ್ಲಿ ನಮ್ಮ ಲೆಕ್ಕ ನಡೆಯಲ್ಲ.

ಉಲ್ಟಾ ಬಾಣ ಜಾಸ್ತಿ ಸಿಗೋದು ಮಿಥ್ಯ ಪ್ರತಿಬಿಂಬದ ಚಿತ್ರದಲ್ಲಿ. ನಿಮ್ನ ದರ್ಪಣ ತಗೊಳ್ಳಿ, ಸಂಗಮ ದೂರ 3 ಸೆಂ.ಮೀ., ವಸ್ತು 2 ಸೆಂ.ಮೀ.ನಲ್ಲಿ, ಧ್ರುವಕ್ಕೂ Fಗೂ ನಡುವೆ. ಪ್ರತಿಫಲಿಸಿದ ಕಿರಣಗಳು ಎದುರುಗಡೆ ಒಂದಕ್ಕೊಂದು ದೂರ ಹೋಗ್ತವೆ, ಸೇರೋದೇ ಇಲ್ಲ. ಅವನ್ನು ದರ್ಪಣದ ಹಿಂದಕ್ಕೆ ಚುಕ್ಕೆ ಗೆರೆಯಲ್ಲಿ ಎಳೆದಾಗ ಹಿಂದೆ 6 ಸೆಂ.ಮೀ.ನಲ್ಲಿ ಸೇರಿದಂತೆ ಕಾಣುತ್ತೆ, ಮೂರು ಪಟ್ಟು ದೊಡ್ಡದಾಗಿ, ನೇರವಾಗಿ.

ಇಲ್ಲಿ ಮಗು ದರ್ಪಣದ ಹಿಂದೆ ಗಟ್ಟಿ ಗೆರೆ ಎಳೆದು ಪ್ರತಿಬಿಂಬದ ಕಡೆ ಬಾಣ ಹಾಕಿದೆ ಅಂದ್ರೆ, ಬೆಳಕು ಕನ್ನಡಿ ತೂರಿಕೊಂಡು ಹೋಯ್ತು ಅಂತ ಹೇಳ್ತಿದೆ. ಇದು ದೊಡ್ಡ ತಪ್ಪು. ಚುಕ್ಕೆ ಗೆರೆ ಸರಿಯಾಗಿ ಹಾಕಿ ಅದರ ಮೇಲೆ ಬಾಣ ಇಟ್ಟಿದ್ರೆ ಸಣ್ಣ ತಪ್ಪು. ಅಲ್ಲಿ ಬೆಳಕೇ ಇಲ್ಲ, ಬಾಣ ಯಾತಕ್ಕೆ ಅಂತ ಪಕ್ಕದಲ್ಲಿ ಬರೆದು ಬಿಟ್ಟರೆ ಸಾಕು. ಮೂರನೇದು ಸ್ವಲ್ಪ ಕಳ್ಳ ತಪ್ಪು: ಹಿಂದೆ ಎಲ್ಲ ಚುಕ್ಕೆ ಗೆರೆ, ಎಲ್ಲ ಸರಿ, ಆದ್ರೆ ಎದುರುಗಡೆ ಪ್ರತಿಫಲಿತ ಕಿರಣದ ಬಾಣ ದರ್ಪಣದ ಕಡೆಗೇ ತಿರುಗಿರುತ್ತೆ. ಒಟ್ಟಾರೆ ಚಿತ್ರ ನೋಡಿದ್ರೆ ಕಣ್ಣಿಗೆ ಬೀಳೋದೇ ಇಲ್ಲ. ಶುರುವಿನ ವರ್ಷಗಳಲ್ಲಿ ಇಂಥದ್ದಕ್ಕೆ ನಾನೇ ಎಷ್ಟು ಸಲ ರೈಟ್ ಹಾಕಿದ್ದೇನೋ! ಈಗ ಬೆರಳಿಟ್ಟು ನೋಡ್ತೇನೆ: ವಸ್ತುವಿನ ತುದಿಯಿಂದ ಹೊರಟು ದರ್ಪಣಕ್ಕೆ ತಾಗಿ ವಾಪಸ್ ಬರೋವರೆಗೂ ಬೆರಳು ಯಾವ ಬಾಣಕ್ಕೂ ಎದುರು ಹೋಗಬಾರದು.

C ಮೂಲಕ ಹೋಗುವ ಗೆರೆ ಬಳಸಿದ ಮಕ್ಕಳಿಗೆ ಮಾತ್ರ ಬೆರಳು ಎದುರಾಗುತ್ತೆ, ಅಲ್ಲಿ ಅವಸರ ಮಾಡಬೇಡಿ. ಆ ಕಿರಣ ಬಂದ ದಾರಿಯಲ್ಲೇ ವಾಪಸ್ ಹೋಗೋದ್ರಿಂದ ವಸ್ತುವಿಗೂ ದರ್ಪಣಕ್ಕೂ ನಡುವೆ ಒಂದೇ ಗೆರೆಯ ಮೇಲೆ ಎರಡು ಎದುರುಬದುರು ಬಾಣ ಇರಬೇಕು. ಅದು ಸರಿ. ಆದ್ರೆ ಮೇಲಿನ ಚಿತ್ರದಲ್ಲಿ ವಸ್ತುವಿನ ತುದಿಯಿಂದ Cವರೆಗಿನ ತುಂಡಿನಲ್ಲಿ ಒಂದೇ ಬಾಣ ಇರಬೇಕು, ಅದೂ C ಕಡೆಗೆ. ಕಿರಣ ಹೊರಡೋದು ವಸ್ತುವಿನಿಂದ, Cಯಿಂದ ಅಲ್ಲ.