ಕಿಸ್ಮೆತ್ ಅಂದ್ರೆ ಅದೃಷ್ಟ ಅಲ್ಲ, ಪಾಲು

ಪ್ರಶ್ನೆ: ಟರ್ಕಿಶ್ ಕಲೀತಾ ಇದ್ದೀನಿ. "ಕಿಸ್ಮೆತ್", "ಶಾನ್ಸ್" ಎರಡಕ್ಕೂ ಅದೃಷ್ಟ ಅಂತಲೇ ಅರ್ಥ ಕೊಟ್ಟಿದ್ದಾರೆ. ಎಲ್ಲಿ ಯಾವುದು ಹೇಳಿದ್ರೂ ನಡೆಯುತ್ತಾ? ನಮ್ಮ ಹಿಂದಿ ಕಿಸ್ಮತ್ ಥರಾನೇ ತಾನೇ?

ನಡೆಯಲ್ಲ. ನಾನೂ ಹಾಗೇ ಅಂದುಕೊಂಡು ಇಸ್ತಾಂಬುಲ್‌ನಲ್ಲಿ ಒಂದು ಒಳ್ಳೆಯ ಬಾಡಿಗೆ ಮನೆ ಕಳೆದುಕೊಂಡೆ. ಮನೆ ನೋಡಿ ಒಪ್ಪಿದೆ ಅಂದಾಗ ಮನೆಯ ಒಡತಿ, ವಯಸ್ಸಾದ ಹೆಂಗಸು, ಹೇಳಿದ್ದು ಎರಡೇ ಪದ: "ಕಿಸ್ಮೆತ್ಸೆ ಒಲುರ್." ನಾನು ಅದನ್ನು "ಅದೃಷ್ಟ ಇದ್ದರೆ ಸಿಗುತ್ತೆ" ಅಂತ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ. ಅಂದರೆ ಪೈಪೋಟಿ ಇದೆ, ಇನ್ನೊಂದಿಷ್ಟು ಪ್ರಯತ್ನಪಟ್ಟರೆ ನನ್ನ ಕಡೆ ವಾಲುತ್ತೆ ಅಂತ. ಎರಡು ದಿನದಲ್ಲಿ ಮೂರು ಸಲ ಫೋನ್ ಮಾಡಿದೆ, ಬಾಡಿಗೆ ಹೆಚ್ಚು ಕೊಡ್ತೀನಿ ಅಂದೆ. ಮೂರನೇ ಸಲ ಬಂದ ಉತ್ತರ: "ಕಿಸ್ಮೆತ್ ದೆಯಿಲ್‌ಮಿಶ್." ಮನೆ ಬೇರೆಯವರಿಗೆ ಹೋಗಿತ್ತು.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಶಾನ್ಸ್ ಅನ್ನೋದು ಫ್ರೆಂಚ್‌ನಿಂದ ಬಂದ ಪದ. ಅದಕ್ಕೆ ಅಳತೆ ಇದೆ: ಶೇಕಡಾ 50 ಶಾನ್ಸ್ ಇದೆ ಅನ್ನಬಹುದು, ಎರಡನೇ ಶಾನ್ಸ್ ಕೊಡಿ ಅನ್ನಬಹುದು, "ಶಾನ್ಸಿನಿ ದೆನೆ", ಅಂದರೆ ನಿನ್ನ ಶಾನ್ಸ್ ಪರೀಕ್ಷಿಸಿ ನೋಡು ಅನ್ನಬಹುದು. ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದರೆ ಶಾನ್ಸ್ ಜಾಸ್ತಿಯಾಗುತ್ತೆ. ಲಾಟರಿ, ಬೆಟ್ಟಿಂಗ್‌ಗೆ ಅಲ್ಲಿ ಹೇಳುವುದೇ "ಶಾನ್ಸ್ ಆಟಗಳು" ಅಂತ. ಈ ಯಾವ ಜಾಗದಲ್ಲೂ ಕಿಸ್ಮೆತ್ ಕೂರುವುದಿಲ್ಲ. ಶೇಕಡಾ 50 ಕಿಸ್ಮೆತ್ ಅನ್ನೋ ಮಾತೇ ಇಲ್ಲ. ಅನುಮಾನ ಬಂದಾಗ ಶೇಕಡಾ ಹಚ್ಚಿ ನೋಡಿ. ಹತ್ತಿದರೆ ಶಾನ್ಸ್.

ಕಿಸ್ಮೆತ್ ಅರಬ್ಬೀ ಮೂಲದ್ದು, ಭಾಗ ಮಾಡಿ ಹಂಚುವುದು ಅನ್ನೋ ಅರ್ಥದ ಧಾತುವಿನಿಂದ ಬಂದದ್ದು. ಇಸ್ತಾಂಬುಲ್‌ನ ತಕ್ಸಿಮ್ ಚೌಕ ಕೇಳಿರುತ್ತೀರಿ. ಆ ಹೆಸರೂ ಇದೇ ಧಾತುವಿನದು. 18ನೇ ಶತಮಾನದಲ್ಲಿ, ಮೊದಲನೇ ಮಹ್ಮೂದ್ ಸುಲ್ತಾನನ ಕಾಲಕ್ಕೆ, ಉತ್ತರದಿಂದ ತಂದ ನೀರನ್ನು ಊರಿನ ಬೇರೆ ಬೇರೆ ಕಡೆಗೆ ಹಂಚಲು ಅಲ್ಲೊಂದು ಕಲ್ಲಿನ ಕಟ್ಟಡ ಕಟ್ಟಿದರು. ಇಸ್ತಿಕ್ಲಾಲ್ ಬೀದಿ ಶುರುವಾಗುವಲ್ಲಿ ಅದು ಈಗಲೂ ನಿಂತಿದೆ. ನಮ್ಮೂರ ಕೆರೆಯ ನೀರಗಂಟಿ ಗದ್ದೆಗದ್ದೆಗೆ ನೀರು ಬಿಡುತ್ತಿದ್ದುದನ್ನು ನೆನೆಸಿಕೊಳ್ಳಿ. ನಿಮ್ಮ ಗದ್ದೆಗೆ ಬಿಟ್ಟ ನೀರು ನಿಮ್ಮ ಪಾಲು. ಕಿಸ್ಮೆತ್‌ಗೆ ಕನ್ನಡದಲ್ಲಿ ಒಂದೇ ಪದ ಹೇಳು ಅಂದರೆ ನಾನು ಅದೃಷ್ಟ ಅನ್ನಲ್ಲ, ಪಾಲು ಅಂತೀನಿ. "ಪಾಲಿಗೆ ಬಂದದ್ದು ಪಂಚಾಮೃತ" ಅನ್ನುವಾಗ ನಾವು ಹೇಳುವ ಪಾಲು ಅದೇ. ಟರ್ಕಿಶ್ ಗಾದೆಯೂ ಊಟದ ಮಾತಿನಲ್ಲೇ ಹೇಳುತ್ತೆ: ಕಿಸ್ಮೆತ್‌ನಲ್ಲಿ ಏನಿದೆಯೋ ಅದೇ ಚಮಚಕ್ಕೆ ಬರುತ್ತೆ.

ಇದನ್ನಿಟ್ಟುಕೊಂಡು ಆ ಹೆಂಗಸಿನ ಮಾತನ್ನು ಮತ್ತೆ ಓದಿ. "ಕಿಸ್ಮೆತ್ಸೆ ಒಲುರ್": ಈ ಮನೆ ನಿಮ್ಮ ಪಾಲಿನದಾಗಿದ್ದರೆ ಆಗುತ್ತೆ. ನಾನು ಮಾತು ಕೊಡ್ತಾ ಇಲ್ಲ, ಬೇಡ ಅಂತಲೂ ಅಂತಿಲ್ಲ, ಸ್ವಲ್ಪ ಕಾಯಿರಿ ಅಂತ. ಅದು ಮಾತು ನಿಲ್ಲಿಸುವ ಸೌಜನ್ಯದ ರೀತಿ. ಅದಕ್ಕೆ ನಾನು ಹೆಚ್ಚು ದುಡ್ಡು ಮುಂದೆ ಮಾಡಿದ್ದು ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆಗೆ ಕೈ ಹಾಕಿದ ಹಾಗಾಯಿತು. ಒಂದು ಸಲ "ಹಯಿರ್ಲಿಸಿ ಒಲ್ಸುನ್", ಅಂದರೆ ಒಳ್ಳೆಯದು ಯಾವುದೋ ಅದೇ ಆಗಲಿ, ಅಂತ ಹೇಳಿ ಸುಮ್ಮನಿದ್ದಿದ್ದರೆ ಸಾಕಿತ್ತು.

ಆಕೆಯ ಕೊನೆಯ ಮಾತಿನಲ್ಲಿದ್ದ "ಮಿಶ್" ಪ್ರತ್ಯಯವನ್ನೂ ಗಮನಿಸಿ. ಟರ್ಕಿಶ್‌ನಲ್ಲಿ ಕಣ್ಣಾರೆ ಕಾಣದೆ ಕೇಳಿ ತಿಳಿದದ್ದಕ್ಕೂ, ಆಮೇಲೆ ಅರಿವಿಗೆ ಬಂದದ್ದಕ್ಕೂ ಅದನ್ನು ಹಚ್ಚುತ್ತಾರೆ. "ಕಿಸ್ಮೆತ್ ದೆಯಿಲ್‌ಮಿಶ್" ಅಂದರೆ ಪಾಲಿನಲ್ಲಿ ಇರಲಿಲ್ಲ ಅಂತ ಈಗ ಗೊತ್ತಾಯ್ತು. ಪಾಲು ಎಷ್ಟು ಅನ್ನುವುದು ಬಡಿಸಿ ಮುಗಿದ ಮೇಲೆಯೇ ತಿಳಿಯುವುದು ತಾನೇ. ಆದ್ದರಿಂದ ಮುಂದಾಗುವುದಕ್ಕೆ "ಕಿಸ್ಮೆತ್ಸೆ", ಆಗಿಹೋದದ್ದಕ್ಕೆ "ಮಿಶ್" ಹಚ್ಚಿದ ರೂಪ. ಈ ಎರಡನ್ನು ಬಾಯಿಗೆ ರೂಢಿ ಮಾಡಿಕೊಳ್ಳಿ, ಮುಕ್ಕಾಲು ಪಾಲು ಸಂದರ್ಭಗಳು ಸರಿಹೋಗುತ್ತವೆ.

ಸಮಾಧಾನ ಹೇಳುವಾಗ ವ್ಯತ್ಯಾಸ ಇನ್ನೂ ಚುಚ್ಚುತ್ತೆ. ಕೆಲಸ ಸಿಗದವರಿಗೆ "ನಿನಗೆ ಶಾನ್ಸ್ ಇಲ್ಲ" ಅಂದರೆ ನೀನು ನತದೃಷ್ಟ ಅಂದಂತೆ, ಕೊರತೆ ಆ ಮನುಷ್ಯನ ಮೇಲೆ ಹೋಗುತ್ತೆ. "ಕಿಸ್ಮೆತ್ ದೆಯಿಲ್‌ಮಿಶ್" ಅಂದರೆ ಆ ಕೆಲಸ ನಿನ್ನದಾಗಿರಲಿಲ್ಲ, ನಿನ್ನದು ಬೇರೆಲ್ಲೋ ಇದೆ ಅಂತ. ಇದಕ್ಕೆ ತಿರುಗುಮುರುಗು ಪರೀಕ್ಷೆಗೆ ಹೊರಟವರ ವಿಷಯ. ಅವರಿಗೆ "ಕಿಸ್ಮೆತ್" ಅಂದರೆ ನೋಡೋಣ, ಬರೆದಿದ್ದರೆ ಆಗುತ್ತೆ ಅಂತ ಕೈಚೆಲ್ಲಿದ ಹಾಗೆ ಕೇಳಿಸುತ್ತೆ. ಅಲ್ಲಿ "ಬೋಲ್ ಶಾನ್ಸ್", ಅಂದರೆ ಶಾನ್ಸ್ ತುಂಬಾ ಇರಲಿ, ಅಥವಾ "ಬಶಾರಿಲಾರ್", ಅಂದರೆ ಯಶಸ್ಸು ಸಿಗಲಿ, ಅನ್ನಿ.

ಮದುವೆಯ ಮಾತಿನಲ್ಲಂತೂ ಕಿಸ್ಮೆತ್ ಅಂದರೆ ನೇರವಾಗಿ ಸಂಬಂಧ ಅಂತಲೇ. ಹುಡುಗಿಗೆ "ಕಿಸ್ಮೆತ್ ಬಂತು" ಅಂದರೆ ಗಂಡು ಬಂದ. "ಕಿಸ್ಮೆತ್ ತೆರೆಯಿತು" ಅನ್ನುವುದು ನಮ್ಮ ಕಂಕಣಬಲ ಕೂಡಿಬಂತು ಅನ್ನುವುದಕ್ಕೆ ತೀರ ಹತ್ತಿರ. ಹಾಗಾಗಿ ಮದುವೆಯಾಗದ ಹುಡುಗಿಗೆ ಕಿಸ್ಮೆತ್ ಹಾರೈಸುವ ಮುಂಚೆ ಸ್ವಲ್ಪ ಯೋಚಿಸಿ.

ಇನ್ನು ಹಿಂದಿ ಕಿಸ್ಮತ್. ಪದ ಒಂದೇ, ಆದರೆ ನಮ್ಮ ಕಿವಿಗೆ ಅದು ಹೆಚ್ಚಾಗಿ ಅದೃಷ್ಟವಾಗಿಬಿಟ್ಟಿದೆ, ಅದನ್ನು ಟರ್ಕಿಶ್‌ಗೆ ಒಯ್ಯಬೇಡಿ. ಬದಲಿಗೆ ಉತ್ತರ ಕರ್ನಾಟಕದವರ "ನನ್ನ ನಸೀಬದಾಗ ಇಲ್ಲ" ಅನ್ನೋ ಮಾತು ಹಿಡಿದುಕೊಳ್ಳಿ. ಟರ್ಕಿಶ್‌ನಲ್ಲಿ ಅದೇ ಪದ ನಸಿಪ್, ಅದಕ್ಕೂ ಪಾಲು ಅಂತಲೇ ಅರ್ಥ, ಕಿಸ್ಮೆತ್ ಜಾಗದಲ್ಲಿ ಅದನ್ನೂ ಹೇಳುತ್ತಾರೆ. ಹಣೆಬರಹಕ್ಕೆ ಮಾತ್ರ ಬೇರೆ ಪದವಿದೆ: "ಅಲಿನ್ ಯಾಝಿಸಿ", ಅಕ್ಷರಶಃ ಹಣೆಯ ಬರಹ. ಅದು, ಮತ್ತೆ ಕಾದೆರ್ ಅನ್ನೋ ಪದ, ಸಾವು ಅಪಘಾತದಂಥ ಭಾರದ ವಿಷಯಕ್ಕೆ. ಬಸ್ಸು ತಪ್ಪಿದ್ದಕ್ಕೆಲ್ಲ ಕಾದೆರ್ ಅಂದರೆ ಅತಿಯಾಯಿತು.

ಹಾಗಂತ ಕಿಸ್ಮೆತ್ ನಂಬುವವರು ಕೈಕಟ್ಟಿ ಕೂರುತ್ತಾರೆ ಅಂದುಕೊಳ್ಳಬೇಡಿ, ಅದು ನನಗೆ ಒಪ್ಪಿಗೆಯಿಲ್ಲದ ಮಾತು. ಕಿಸ್ಮೆತ್ ಆಕಾಶದಿಂದ ಬುಟ್ಟಿಯಲ್ಲಿ ಇಳಿಯಲ್ಲ ಅಂತ ಅವರದೇ ಗಾದೆ ಇದೆ. ಕಾಲಬುಡಕ್ಕೆ ಬಂದ ಕಿಸ್ಮೆತ್ ಅನ್ನು ಒದೆಯಬಹುದು ಅಂತಲೂ ಹೇಳುತ್ತಾರೆ. ಎಲೆ ಹಾಸಿ ಕೂರುವುದು ನಿಮ್ಮ ಕೆಲಸ, ಏನು ಬೀಳುತ್ತೆ ಅನ್ನುವುದು ಬಡಿಸುವವನದು.

ಅಂಗಡಿಯಲ್ಲಿ ಇದು ಚೆನ್ನಾಗಿ ಕಾಣುತ್ತೆ. ಬೋಣಿಗೆ ಅವರು ಸಿಫ್ತಾಹ್ ಅನ್ನುತ್ತಾರೆ, ಮತ್ತು "ಬೋಣಿ ನಿಮ್ಮಿಂದ, ಬರಕತ್ತು ದೇವರಿಂದ" ಅನ್ನುವುದು ಅಲ್ಲಿನ ರೂಢಿಯ ಮಾತು. ನೀವು ಚೌಕಾಸಿ ಮಾಡಿ ಕೊಳ್ಳದೆ ಹೊರಟಾಗ ಅಂಗಡಿಯವರು ಬರೀ "ಕಿಸ್ಮೆತ್" ಅಂದರೆ ಅದು ಮುನಿಸಲ್ಲ, ನಿಮ್ಮನ್ನು ವಾಪಸ್ ಕರೆದು ಬೆಲೆ ಇಳಿಸುವ ಸೂಚನೆಯೂ ಅಲ್ಲ. "ಹಯಿರ್ಲಿ ಇಶ್ಲೆರ್", ಅಂದರೆ ವ್ಯಾಪಾರ ಚೆನ್ನಾಗಿ ಆಗಲಿ, ಅಂತ ಹೇಳಿ ಹೊರಡಿ.