ಸಹಿ ಹಾಕಿದ್ದಾಳೆ ನಿಜ, ಲೆಕ್ಕ ಎಲ್ಲಿದೆ?

ಸಂಪಾದಕರೇ, ನನ್ನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಎರಡು ವರ್ಷದ ಬಾಂಡ್ ಬರೆದುಕೊಟ್ಟು ಸೇರಿದ್ದಳು. ಮೊದಲ ಆರು ವಾರ ಅಲ್ಲಿನ ಹಿರಿಯರೇ ಪಾಠ ಹೇಳಿದರಂತೆ. ಹದಿನಾಲ್ಕು ತಿಂಗಳಿಗೆ ಬಿಟ್ಟಳು. ತರಬೇತಿ ವೆಚ್ಚ ಮೂರು ಲಕ್ಷ ಕಟ್ಟಬೇಕೆಂದು ವಕೀಲರ ನೋಟಿಸ್ ಬಂದಿದೆ. ಅವಳ ಅಂಕಪಟ್ಟಿಗಳೂ ಅವರ ಬಳಿಯೇ ಇವೆ. ಸಹಿ ಹಾಕಿದ ಮೇಲೆ ಕಟ್ಟಲೇಬೇಕಲ್ಲವೇ? ಜಮೀನಿನ ಮೇಲೆ ಸಾಲ ತೆಗೆಯಲು ಓಡಾಡುತ್ತಿದ್ದೇನೆ.
– ನಿವೃತ್ತ ಶಿಕ್ಷಕ, ದಾವಣಗೆರೆ

ಮೇಷ್ಟ್ರೇ, ಮೊದಲು ಆ ಓಡಾಟ ನಿಲ್ಲಿಸಿ. ಬಾಂಡ್ ಪತ್ರ ಬರೆಯುವವರು ನಂಬಿಕೊಂಡಿರುವುದೇ ನಿಮ್ಮಂಥವರ ಸಜ್ಜನಿಕೆಯನ್ನು. ಕೋರ್ಟಿಗೆ ಹೋದರೆ ಸಿಗುವುದಕ್ಕಿಂತ ಹೆಚ್ಚನ್ನು ಮರ್ಯಾದೆಗೆ ಅಂಜುವ ತಂದೆಯೊಬ್ಬ ತಾನಾಗಿಯೇ ತಂದುಕೊಡುತ್ತಾನೆ ಎಂಬುದು ಅವರಿಗೆ ಗೊತ್ತು.

ಕಂಪನಿಯವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಹೊರಗಿನ ಸಂಸ್ಥೆಗೆ ಶುಲ್ಕ ಕಟ್ಟಿ, ವಿದೇಶಕ್ಕೆ ಕಳಿಸಿ ಕಲಿಸಿದವನು ಮರುತಿಂಗಳೇ ಎದುರಾಳಿ ಕಂಪನಿ ಸೇರಿದರೆ ನಷ್ಟವೇ ತಾನೇ? ಅಂಥ ಬಾಂಡ್‌ಗಳನ್ನು ನ್ಯಾಯಾಲಯಗಳು ಎತ್ತಿಹಿಡಿದಿವೆ. ಆದರೆ ಕೆಲಸ ಕೊಟ್ಟವರು ತಮ್ಮ ಕೆಲಸವನ್ನೇ ತೋರಿಸಿಕೊಟ್ಟದ್ದೂ ತರಬೇತಿಯಾಗುವುದಾದರೆ, ಶೌಚಾಲಯ ಎಲ್ಲಿದೆ ಎಂದು ಹೇಳಿದ್ದಕ್ಕೂ ಬಿಲ್ ಹಾಕಬಹುದು.

ಕಾನೂನಿನ ತಿರುಳು 1872ರ ಕರಾರು ಕಾಯ್ದೆಯ 74ನೇ ಕಲಮಿನಲ್ಲಿದೆ. ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಬರೆದಿದ್ದರೆ, ಆ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು. ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿರುವಾಗ ಲೆಕ್ಕ ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ತರಬೇತಿಗೆ ಎಷ್ಟು ಖರ್ಚಾಯಿತು ಎನ್ನುವುದು ಲೆಕ್ಕಕ್ಕೆ ಸಿಗದ ವಿಷಯವೇನಲ್ಲ.

ನಾನು ಸಿಕ್ಕವರಿಗೆಲ್ಲ ಹೇಳುವ ಪ್ರಕರಣವೊಂದಿದೆ. ಸಿಕ್ಪಾ ಇಂಡಿಯಾ ಎಂಬ ಕಂಪನಿ ನೌಕರನೊಬ್ಬನಿಂದ ಮೂರು ವರ್ಷದ ಬಾಂಡ್ ಬರೆಸಿಕೊಂಡಿತ್ತು. ಮುರಿದರೆ ಎರಡು ಲಕ್ಷ ರೂಪಾಯಿ. ಆತ ಎರಡು ವರ್ಷ ದುಡಿದು ಬಿಟ್ಟ. ಮಧ್ಯಸ್ಥಗಾರರು ಎರಡು ಲಕ್ಷವನ್ನು ಬದಿಗಿಟ್ಟು, ನಿಜವಾಗಿ ಖರ್ಚಾದದ್ದೆಷ್ಟು ಎಂದು ಕೇಳಿದರು. ಸಿಕ್ಕ ಲೆಕ್ಕ 67,595 ರೂಪಾಯಿ. ಅದನ್ನು ಮೂರು ಪಾಲು ಮಾಡಿ, ದುಡಿದ ಎರಡು ವರ್ಷದ ಪಾಲು ಕಳೆದು, ಕೊಡಿಸಿದ್ದು 22,532 ರೂಪಾಯಿ. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2011ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಉಳಿಸಿತು.

ಇದೇ ಅಳತೆಗೋಲನ್ನು ನಿಮ್ಮ ಮಗಳಿಗೆ ಹಿಡಿಯಿರಿ. ಕಂಪನಿ ಅರವತ್ತು ಸಾವಿರದ ಖರ್ಚನ್ನು ರಸೀದಿ ಸಮೇತ ತೋರಿಸಿತೆಂದೇ ಇಟ್ಟುಕೊಳ್ಳೋಣ. ಇಪ್ಪತ್ನಾಲ್ಕು ತಿಂಗಳಲ್ಲಿ ಉಳಿದದ್ದು ಹತ್ತು. ಬಾಕಿ ಇಪ್ಪತ್ತೈದು ಸಾವಿರ. ಸಂಬಳದ ಮೇಲಿದ್ದ ಹಿರಿಯರೇ ಪಾಠ ಹೇಳಿದ್ದಾದರೆ ಅರವತ್ತು ಸಾವಿರ ತೋರಿಸುವುದೂ ಅವರಿಗೆ ಸುಲಭವಲ್ಲ.

ನೋಟಿಸ್ ಬರೆದ ವಕೀಲರು ವಿಜಯಾ ಬ್ಯಾಂಕ್ ತೀರ್ಪನ್ನು ಮುಂದಿಡಬಹುದು. ನಮ್ಮ ಬೆಂಗಳೂರಿನದೇ ಆಗಿದ್ದ ಆ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಎರಡು ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನನಗೆ ಅಷ್ಟೇನೂ ರುಚಿಸದ ತೀರ್ಪು ಅದು. ಆದರೂ ಓದಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಲೆಕ್ಕಕ್ಕೆ ಬಂದದ್ದು ತರಬೇತಿಯಲ್ಲ, ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆ ನಡೆಸಿ ಮತ್ತೆ ನೇಮಕ ಮಾಡಿಕೊಳ್ಳುವ ಹೊರೆ. ಆತ ಹಿರಿಯ ವ್ಯವಸ್ಥಾಪಕ. ಅವರ ಸಂಬಳಕ್ಕೆ ಎರಡು ಲಕ್ಷ ವಿಪರೀತವಲ್ಲ ಎಂದಿತು ಕೋರ್ಟು. ಇಂಥ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವಲ್ಲವೆಂದು ತೋರಿಸುವ ಹೊಣೆ ಮಾಲೀಕರದ್ದೇ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ವಕೀಲರು ಆ ಸಾಲನ್ನು ನಿಮಗೆ ಓದಿ ಹೇಳುವುದಿಲ್ಲ.

ಬಾಂಡ್ ಎಂದ ಕೂಡಲೇ ನನಗೆ ಸಿಟ್ಟು ಬರುವುದು ಹಣದ ವಿಷಯಕ್ಕಲ್ಲ. 1976ರಲ್ಲಿ ಜೀತ ರದ್ದು ಮಾಡಿದ ದೇಶ ಇದು. ಬಾಂಡ್ ಇದ್ದರೂ ಒಲ್ಲದವಳನ್ನು ದುಡಿಸುವಂತೆ ಯಾವ ಕೋರ್ಟೂ ಆದೇಶಿಸುವುದಿಲ್ಲ. ಕೋರ್ಟು ಮಾಡದ ಕೆಲಸವನ್ನು ಬೀರುವಿನಲ್ಲಿ ಬೀಗ ಹಾಕಿದ ಅಂಕಪಟ್ಟಿ ಮಾಡುತ್ತದೆ. ಮಂಗಳೂರಿನ ಓದುಗರೊಬ್ಬರು ಹಿಂದೊಮ್ಮೆ ಬರೆದಿದ್ದರು: ನರ್ಸ್ ಆಗಿದ್ದ ಅವರ ತಂಗಿಗೆ ಹೊರದೇಶದಲ್ಲಿ ಸಿಕ್ಕಿದ್ದ ಕೆಲಸ, ಮೂಲ ಪ್ರಮಾಣಪತ್ರ ಆಸ್ಪತ್ರೆಯ ಕೈಯಲ್ಲಿದ್ದ ಕಾರಣಕ್ಕೆ ತಪ್ಪಿಹೋಯಿತಂತೆ. ಇದೇ ಮಾಲೀಕರು ಆರ್ಡರ್ ಕಡಿಮೆಯಾದ ದಿನ ಇಮೇಲ್ ಒಂದರಲ್ಲಿ ನೂರು ಜನರನ್ನು ಮನೆಗೆ ಕಳಿಸುತ್ತಾರೆ. ಆ ನೂರು ಜನರಿಗೆ ಬಾಂಡ್ ಬರೆದುಕೊಟ್ಟವರು ಯಾರೂ ಇಲ್ಲ.

ನೋಟಿಸನ್ನು ಮಾತ್ರ ಕಡೆಗಣಿಸಬೇಡಿ. ಸುಮ್ಮನಿದ್ದರೆ ಒಪ್ಪಿಕೊಂಡಂತೆ ಎಂದು ವಾದಿಸುವವರಿದ್ದಾರೆ. ಒಬ್ಬ ವಕೀಲರ ಮೂಲಕ ಉತ್ತರ ಬರೆಸಿ. ತರಬೇತಿ ಕೊಟ್ಟವರು ಯಾರು, ಯಾವ ದಿನಗಳಲ್ಲಿ, ಯಾವ ಬಿಲ್ಲಿನ ಮೇಲೆ ಎಷ್ಟು ಪಾವತಿಯಾಯಿತು, ಆ ಆರು ವಾರಗಳಲ್ಲಿ ಮಗಳು ಗ್ರಾಹಕರ ಕೆಲಸವನ್ನೂ ಮಾಡಿದ್ದಳೇ ಎಂದು ಕೇಳಿ. ಕೊನೆಯ ತಿಂಗಳ ಸಂಬಳ ತಡೆಹಿಡಿದಿದ್ದರೆ ಅದನ್ನೂ ಕೇಳಿ. ಅಂಕಪಟ್ಟಿ ವಾಪಸು ಕೊಡಿ ಎಂಬ ಸಾಲು ಆ ಪತ್ರದಲ್ಲಿ ಎಲ್ಲಕ್ಕಿಂತ ಮೊದಲು ಇರಲಿ.