ಟಿವಿಯಲ್ಲಿ ಗೇಮ್‌ನ ಅಂಚು ಕತ್ತರಿಸಿಹೋದರೆ

ಪ್ರಶ್ನೆ: ಕನ್ಸೋಲನ್ನು ಟಿವಿಗೆ ಹಾಕಿದರೆ ಗೇಮ್‌ನ ಮ್ಯಾಪ್, ಹೆಲ್ತ್ ಬಾರ್ ಅರ್ಧ ಮಾತ್ರ ಕಾಣುತ್ತವೆ. ಏನು ಮಾಡಲಿ?

ಉತ್ತರ: ಇದು ಓವರ್‌ಸ್ಕ್ಯಾನ್, ಸರಿಪಡಿಸಬೇಕಾದದ್ದು ಟಿವಿಯಲ್ಲೇ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಕುಡೊಂಕಾದ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು. ಆ ಪದ್ಧತಿ ಈಗಿನ ಎಷ್ಟೋ ಟಿವಿಗಳಲ್ಲೂ ಉಳಿದಿದೆ. 1920×1080 ಚಿತ್ರದ ಅಗಲ, ಎತ್ತರಗಳಲ್ಲಿ ಶೇ. 5ರಷ್ಟು ಹೋದರೆ ಎಡಬಲಕ್ಕೆ ತಲಾ 48, ಮೇಲೆ ಕೆಳಗೆ ತಲಾ 27 ಪಿಕ್ಸೆಲ್ ಕಾಣೆಯಾಗುತ್ತವೆ. ಉಳಿದದ್ದನ್ನು ಎಳೆದು ಪರದೆ ತುಂಬಿಸುವುದರಿಂದ ಅಕ್ಷರಗಳೂ ಮಸುಕಾಗುತ್ತವೆ.

ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ "Just Scan", "Screen Fit" ಅಥವಾ "Full Pixel" ಇದ್ದರೆ ಅದನ್ನು ಆರಿಸಿ. ಸಿಗದಿದ್ದರೆ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು "PC" ಎಂದು ಬದಲಿಸಿ ನೋಡಿ, ಕೆಲವು ಟಿವಿಗಳು ಅಷ್ಟಕ್ಕೇ ಕತ್ತರಿಸುವುದನ್ನು ನಿಲ್ಲಿಸುತ್ತವೆ. ಗೇಮ್‌ನೊಳಗಿನ ಸೇಫ್ ಏರಿಯಾ ಸೆಟ್ಟಿಂಗ್ ನನ್ನ ಮಟ್ಟಿಗೆ ಕೊನೆಯ ದಾರಿ. ಅದು ಮ್ಯಾಪನ್ನು ಒಳಕ್ಕೆ ಸರಿಸುತ್ತದೆ, ಆದರೆ ಮಸುಕು ಹಾಗೇ ಉಳಿಯುತ್ತದೆ.